ಯಾರು ಮೊದಲು, ಯಾವತ್ತು ರಿಹರ್ಸಲ್, ಸ್ಲೈಡ್ ಎಂದಿಗೆ?

ನಾಲ್ಕು ಜನ ಸೇರಿ ಒಂದೇ ವೇದಿಕೆಯಲ್ಲಿ ಒಂದು ವಿಷಯ ಮಂಡಿಸಬೇಕಾದಾಗ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬೀಳುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: "ಎಲ್ರೂ ಯಾವಾಗ ಫ್ರೀ ಇರ್ತೀರಿ ತಿಳಿಸಿ, ಒಂದ್ಸಲ ರಿಹರ್ಸಲ್ ಮಾಡೋಣ. ಸ್ಲೈಡ್ಸ್ ಆದಷ್ಟು ಬೇಗ ಕಳಿಸಿ." ಅದರ ಕೆಳಗೆ ಎರಡು ಹೆಬ್ಬೆರಳು, ಒಂದು "ನಂಗೆ ಯಾವಾಗಾದ್ರೂ ಓಕೆ". ಆಮೇಲೆ ಗುಂಪು ಮಲಗಿಬಿಡುತ್ತದೆ. ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಎಚ್ಚರವಾಗುವ ಹೊತ್ತಿಗೆ ಸ್ಲೈಡ್ ಬಂದಿರುವುದು ಒಬ್ಬರದು ಮಾತ್ರ, ರಿಹರ್ಸಲ್‌ಗೆ ಉಳಿದಿರುವುದು ಬೆಳಗಿನ ತಿಂಡಿಯ ಹೊತ್ತು.

ಯಾರೂ ಸೋಮಾರಿಗಳಲ್ಲ. ಆ ಸಂದೇಶದಲ್ಲಿ ಉತ್ತರಿಸಲು ಏನೂ ಇರಲಿಲ್ಲ, ಅಷ್ಟೇ. "ಯಾವಾಗ ಫ್ರೀ" ಎಂದು ಕೇಳಿದರೆ ನಾಲ್ಕೂ ಜನ ತಮ್ಮ ತಿಂಗಳನ್ನೆಲ್ಲ ಬಿಚ್ಚಿಡಬೇಕು, ಮತ್ತೊಬ್ಬರು ಏನು ಹೇಳುತ್ತಾರೋ ಎಂದು ಕಾಯಬೇಕು. "18ನೇ ತಾರೀಕು ಭಾನುವಾರ ರಾತ್ರಿ ಏಳೂವರೆಗೆ ಆಗುತ್ತಾ?" ಎಂದು ಕೇಳಿದರೆ ಆಗುತ್ತೆ, ಇಲ್ಲ ಎರಡೇ ಉತ್ತರ. ಸಹಭಾಷಣಕಾರರಿಗೆ ಬರೆಯುವ ಮೊದಲ ಸಂದೇಶದ ಗುಟ್ಟೆಲ್ಲ ಇಷ್ಟೇ: ಲೆಕ್ಕ ಹಾಕುವ ಕೆಲಸವನ್ನು ಕಳಿಸುವವರು ಮುಗಿಸಿಟ್ಟಿರಬೇಕು, ಓದುವವರಿಗೆ ಒಪ್ಪುವ ಅಥವಾ ತಿದ್ದುವ ಕೆಲಸ ಮಾತ್ರ ಉಳಿದಿರಬೇಕು. ಆ ಲೆಕ್ಕ ಹೇಗೆ ಎಂಬುದಕ್ಕೆ ಒಂದು ಉದಾಹರಣೆಯ ತಂಡವನ್ನು ಕಟ್ಟಿಕೊಳ್ಳೋಣ.

ತುಮಕೂರು ಕಡೆಯ ಒಂದು ಹಳ್ಳಿ, ಹೂಳೆತ್ತಿ ರಿಪೇರಿ ಮಾಡಿದ ಒಂದು ಕೆರೆ. ಆ ಕೆಲಸದ ಬಗ್ಗೆ ಜಿಲ್ಲಾ ಮಟ್ಟದ ಕಾರ್ಯಾಗಾರದಲ್ಲಿ ಜನವರಿ 31ರ ಶನಿವಾರ ಮಾತಾಡಬೇಕು. 20 ನಿಮಿಷ ಮಾತು, ಆಮೇಲೆ 10 ನಿಮಿಷ ಪ್ರಶ್ನೆ. ಮಾತಾಡುವವರು ನಾಲ್ವರು: ಸಣ್ಣ ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್, ಪದವಿ ಕಾಲೇಜಿನ ಭೂಗೋಳ ಉಪನ್ಯಾಸಕಿ, ಕೆರೆ ಸಂಘದ ಕಾರ್ಯದರ್ಶಿಯಾಗಿರುವ ರೈತ ಮಹಿಳೆ, ಸುತ್ತಲಿನ ಬಾವಿ ಮತ್ತು ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದ ಸಂಶೋಧನಾ ವಿದ್ಯಾರ್ಥಿ. ಸಂದೇಶ ಬರೆಯಬೇಕಾದವನು ವಿದ್ಯಾರ್ಥಿ. ಎಲ್ಲರಿಗಿಂತ ಕಿರಿಯ. ಇಂಥ ಕೆಲಸ ಬಂದು ಬೀಳುವುದು ಯಾವಾಗಲೂ ಕಿರಿಯರ ತಲೆಗೇ.

ಮೊದಲು ಸಮಯದ ಲೆಕ್ಕ. 20 ನಿಮಿಷವನ್ನು ನಾಲ್ಕರಿಂದ ಭಾಗಿಸಿ ತಲೆಗೆ ಐದೈದು ನಿಮಿಷ ಎಂದು ಹಂಚಿದವರೆಲ್ಲ 24ನೇ ನಿಮಿಷಕ್ಕೆ ಗಂಟೆ ಹೊಡೆಸಿಕೊಂಡಿದ್ದಾರೆ. ಒಬ್ಬರು ಮೈಕು ಬಿಟ್ಟು ಇನ್ನೊಬ್ಬರು ಹಿಡಿಯುವುದಕ್ಕೆ, ಒಂದು ಸಾಲಿನಲ್ಲಿ ಮುಂದಿನವರನ್ನು ಕರೆಯುವುದಕ್ಕೆ ಇಪ್ಪತ್ತು ಸೆಕೆಂಡ್ ಬೇಕು. ಮೂರು ಕೈಬದಲಿಗೆ ಒಂದು ನಿಮಿಷ ಹೋಯಿತು. ಆರಂಭದ ವಂದನೆಗೆ, ನಾವು ನಾಲ್ವರು ಯಾರು ಎನ್ನುವುದಕ್ಕೆ ಇನ್ನೊಂದು ನಿಮಿಷ. ಯಾರೋ ಎಲ್ಲೋ ಮೀರುವುದು ಖಚಿತವಾದ್ದರಿಂದ ಎರಡು ನಿಮಿಷ ಮೀಸಲು. ಹಂಚಲು ಉಳಿಯುವುದು 16. ಅದನ್ನೂ ಸಮನಾಗಿ ಹಂಚಬೇಕೆಂದೇನಿಲ್ಲ. ಯಾರ ಬಳಿ ಹೇಳಲೇಬೇಕಾದದ್ದು ಹೆಚ್ಚಿದೆಯೋ ಅವರಿಗೆ ಒಂದು ನಿಮಿಷ ಹೆಚ್ಚು.

ಇನ್ನು ಮಾತಿನ ಸರದಿ. ನಮ್ಮಲ್ಲಿ ರೂಢಿ ಎರಡು: ಹಿರಿಯರು ಮೊದಲು, ಅಥವಾ ಹಿರಿಯರು ಕೊನೆಗೆ. ಮದುವೆ ಆಹ್ವಾನ ಪತ್ರಿಕೆಗೆ ಇದು ಸರಿ. ಇಲ್ಲಿ ನೋಡಬೇಕಾದ್ದು ಬೇರೆ. ಕೇಳುವವರಿಗೆ ಮೊದಲು ಯಾವುದು ತಿಳಿದರೆ ಮುಂದಿನದು ಅರ್ಥವಾಗುತ್ತದೆ? ಯಾರು ಸಮಯ ಮೀರುವ ಸ್ವಭಾವದವರು? ಕರೆಂಟೋ ಪ್ರೊಜೆಕ್ಟರೋ ಕೈಕೊಟ್ಟರೆ ಯಾರ ಮಾತು ನಿಲ್ಲುವುದಿಲ್ಲ?

ನಮ್ಮ ತಂಡದಲ್ಲಿ ಮೊದಲು ಮಾತಾಡಬೇಕಾದವರು ಸಂಘದ ಕಾರ್ಯದರ್ಶಿ. ಏರಿ ಬಿರಿದಿದ್ದು, ತೂಬು ಮುಚ್ಚಿಹೋಗಿದ್ದು, ಅಚ್ಚುಕಟ್ಟಿನ ಗದ್ದೆಗಳಲ್ಲಿ ಭತ್ತ ಹೋಗಿ ನೀಲಗಿರಿ ಬಂದಿದ್ದು ಇದೆಲ್ಲ ಅವರು ಕಣ್ಣಾರೆ ಕಂಡದ್ದು. ಅದನ್ನು ಕೇಳಿದ ಮೇಲೆ ಹೂಳಿನ ಅಳತೆಗೆ ಅರ್ಥ ಬರುತ್ತದೆ. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳದಂಥದ್ದು, ಆದರೆ ತುಂಬಾ ಮುಖ್ಯ. ಅವರಿಗೆ ಬೇಕಾದದ್ದು ಎರಡು ಫೋಟೊ ಮಾತ್ರ, ಅವಿಲ್ಲದೆಯೂ ಅವರ ಮಾತು ನಿಲ್ಲುವುದಿಲ್ಲ. ಕೇಬಲ್ ಸಿಗದೆ ಒದ್ದಾಡುವ ಮೊದಲ ಐದು ನಿಮಿಷದಲ್ಲಿ ವೇದಿಕೆ ಮೇಲೆ ಅಂಥವರೇ ಇರಬೇಕು.

ಎರಡನೆಯದು ಉಪನ್ಯಾಸಕಿಯವರ ನಕ್ಷೆ: ನೀರು ಎಲ್ಲಿಂದ ಬರುತ್ತಿತ್ತು, ಪೂರಕ ಕಾಲುವೆಗಳು ಎಲ್ಲಿ ಒತ್ತುವರಿಯಾಗಿದ್ದವು. ಮೂರನೆಯವರು ಎಂಜಿನಿಯರ್: ಎಷ್ಟು ಹೂಳು ತೆಗೆದರು, ಅದನ್ನು ಎಲ್ಲಿ ಹಾಕಿದರು, ತೂಬನ್ನೂ ಕೋಡಿಯನ್ನೂ ಹೇಗೆ ಸರಿಮಾಡಿದರು. ಕೊನೆಗೆ ವಿದ್ಯಾರ್ಥಿ: ಆಮೇಲೆ ಬಾವಿಗಳಲ್ಲಿ ನೀರು ಏರಿತೋ ಇಲ್ಲವೋ.

ಎಂಜಿನಿಯರ್ ಸಾಹೇಬರನ್ನು ಮೂರನೆಯವರನ್ನಾಗಿ ಇಟ್ಟದ್ದರಲ್ಲಿ ಸ್ವಲ್ಪ ಚಾಣಾಕ್ಷತನವೂ ಇದೆ. ಮೂವತ್ತು ವರ್ಷ ಕೆರೆಗಳ ಜೊತೆ ಬದುಕಿದವರು ಐದು ನಿಮಿಷ ಎಂದರೆ ಏಳು ಮಾತಾಡುತ್ತಾರೆ. ಮೊದಲಿಗೆ ಇಟ್ಟರೆ ಉಳಿದ ಮೂವರ ಸಮಯ ತಿನ್ನುತ್ತದೆ. ಕೊನೆಗೆ ಇಟ್ಟರೆ ಫಲಿತಾಂಶ ಹೇಳುವ ಮುನ್ನವೇ ಅಧ್ಯಕ್ಷರು ಚೀಟಿ ಕಳಿಸುತ್ತಾರೆ. ಮೀರುವವರ ನಂತರ, ಬೇಕಾದರೆ ಮೂರು ನಿಮಿಷವನ್ನು ಎರಡಕ್ಕೆ ಇಳಿಸಬಲ್ಲವರು ಇರಬೇಕು. ಒಂದು ಗ್ರಾಫಿನಲ್ಲಿ ಕಥೆ ಮುಗಿಸಬಲ್ಲ ವಿದ್ಯಾರ್ಥಿಗೆ ಅದು ಸಾಧ್ಯ. ಆದ್ದರಿಂದ ಹಂಚಿಕೆ 4, 4, 5, 3.

ದಿನಾಂಕಗಳನ್ನು ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಸಂಘಟಕರಿಗೆ ಫೈಲು 29ರ ಗುರುವಾರ ಸಂಜೆಯೊಳಗೆ ಬೇಕು. ಹಾಗಾದರೆ 27ರ ರಾತ್ರಿಯ ನಂತರ ಯಾರೂ ಸ್ಲೈಡ್ ಮುಟ್ಟಬಾರದು, ಒಂದು ದಿನ ತಾಳೆ ನೋಡುವುದಕ್ಕೆ ಇರಲಿ. ಎರಡನೇ ರಿಹರ್ಸಲ್ ಅದಕ್ಕಿಂತ ಮುಂಚೆ, ಎದುರುಬದುರು, ಸೇರಿಸಿದ ಒಂದೇ ಫೈಲಿನೊಂದಿಗೆ ಆಗಬೇಕು. 26 ಗಣರಾಜ್ಯೋತ್ಸವ, ಉಪನ್ಯಾಸಕಿ ಅಂದು ಸಿಗುವುದಿಲ್ಲ. ಆದರೆ 25ರ ಭಾನುವಾರ ಅದರ ತಯಾರಿಗೆಂದೇ ಅವರು ಕಾಲೇಜಿಗೆ ಬಂದಿರುತ್ತಾರೆ, ಪ್ರೊಜೆಕ್ಟರ್ ಇರುವ ಕೋಣೆಯೂ ಅಲ್ಲೇ ಇದೆ. ಮೊದಲ ರಿಹರ್ಸಲ್‌ಗೂ ಎರಡನೆಯದಕ್ಕೂ ನಡುವೆ ತಿದ್ದುಪಡಿಗೆ ನಾಲ್ಕಾರು ದಿನ ಬೇಕು, ಹಾಗಾಗಿ ಅದು 18ರ ಭಾನುವಾರ. ಮೊದಲ ರಿಹರ್ಸಲ್‌ಗೆ ಕರಡು ಸ್ಲೈಡ್‌ಗಳು ಒಂದೇ ಫೈಲಿನಲ್ಲಿ ಇರಬೇಕು. 15 ಸಂಕ್ರಾಂತಿ, ಆ ವಾರ ಯಾರಿಂದಲೂ ಏನನ್ನೂ ನಿರೀಕ್ಷಿಸಬಾರದು. ಆದ್ದರಿಂದ ಕರಡಿನ ಗಡುವು 13ರ ಮಂಗಳವಾರ ರಾತ್ರಿ.

ಗಂಟೆಯ ವಿಷಯದಲ್ಲೂ ಒಂದು ಮಾತು. 18ರ ಆನ್‌ಲೈನ್ ರಿಹರ್ಸಲ್‌ಗೆ ಪೇಟೆಯವರ ಕೈ ತಾನಾಗಿ ಬರೆಯುವುದು ಸಂಜೆ ಐದು. ಹಳ್ಳಿಯಲ್ಲಿ ಅದು ಹಾಲು ಕರೆದು ಡೇರಿಗೆ ಹಾಕುವ ಹೊತ್ತು. ರಾಗಿ ಒಕ್ಕಣೆ ಇನ್ನೂ ಮುಗಿಯದ ಮನೆಯಾದರೆ ಮಧ್ಯಾಹ್ನವೂ ಕಷ್ಟ. ಏಳೂವರೆ ಎಂದು ಬರೆದರೆ ಎಲ್ಲರೂ ಬರಬಹುದು. ಎಲ್ಲರಿಗಿಂತ ಕಡಿಮೆ ಬಿಡುವಿರುವವರು ಯಾರು ಎಂದು ನೋಡಿ ಅವರ ಹೊತ್ತಿಗೆ ಇಟ್ಟರೆ ಉಳಿದವರು ಹೊಂದಿಕೊಳ್ಳುತ್ತಾರೆ.

ಇಷ್ಟಾದ ಮೇಲೆ ಜನವರಿ 4ರ ಭಾನುವಾರ ಸಂದೇಶ. ಅದು ಹೀಗಿರಬಹುದು:

"ನಮಸ್ಕಾರ ಸರ್, ಮೇಡಂ, ಅಕ್ಕ. 31ರ ಕಾರ್ಯಾಗಾರದಲ್ಲಿ ನಮ್ಮ ನಾಲ್ವರಿಗೆ 20 ನಿಮಿಷ ಮಾತು, 10 ನಿಮಿಷ ಪ್ರಶ್ನೆ ಅಂತ ಸಂಘಟಕರು ತಿಳಿಸಿದ್ದಾರೆ. ನನಗೆ ತೋಚಿದ ಒಂದು ಯೋಜನೆ ಕೆಳಗಿದೆ. ತಿದ್ದಬೇಕಾದದ್ದು ಇದ್ದರೆ ಬುಧವಾರ (7ನೇ ತಾರೀಕು) ರಾತ್ರಿಯೊಳಗೆ ಹೇಳಿ.

ಮಾತಿನ ಸರದಿ: ಮೊದಲು ಅಕ್ಕ, ಕೆರೆ ಹಿಂದೆ ಹೇಗಿತ್ತು ಅನ್ನೋದು, 4 ನಿಮಿಷ. ಆಮೇಲೆ ಮೇಡಂ, ನಕ್ಷೆ ಮತ್ತು ಕಾಲುವೆಗಳು, 4 ನಿಮಿಷ. ನಂತರ ಸರ್, ಹೂಳು, ತೂಬು, ಕೋಡಿಯ ಕೆಲಸ, 5 ನಿಮಿಷ. ಕೊನೆಗೆ ನಾನು, ನೀರಿನ ಮಟ್ಟ, 3 ನಿಮಿಷ. ಪ್ರಶ್ನೆಗಳನ್ನು ನಾನು ಕೇಳಿಸಿಕೊಂಡು ಯಾರದೋ ಅವರಿಗೆ ದಾಟಿಸುತ್ತೇನೆ.

ಕರಡು ಸ್ಲೈಡ್: 13, ಮಂಗಳವಾರ ರಾತ್ರಿ 9ರೊಳಗೆ, ನನ್ನದೂ ಸೇರಿ. ಒಬ್ಬೊಬ್ಬರದು ಹೆಚ್ಚೆಂದರೆ 4 ಸ್ಲೈಡ್. ಪೂರ್ತಿ ಆಗಿರಬೇಕಿಲ್ಲ. ತಲೆಬರಹ ಇದ್ದು, ಎಲ್ಲಿ ಯಾವ ಫೋಟೊ ಅಂತ ಬರೆದಿದ್ದರೆ ಸಾಕು. ಅಕ್ಕ, ನೀವು ಎರಡು ಫೋಟೊ ಮಾತ್ರ ಕಳಿಸಿ, ಸ್ಲೈಡ್ ನಾನು ಮಾಡ್ತೀನಿ.

ರಿಹರ್ಸಲ್ 1: 18, ಭಾನುವಾರ ರಾತ್ರಿ 7.30, ಗೂಗಲ್ ಮೀಟ್, ಒಂದೂವರೆ ಗಂಟೆ. ರಿಹರ್ಸಲ್ 2: 25, ಭಾನುವಾರ ಬೆಳಿಗ್ಗೆ 10.30, ಮೇಡಂ ಕಾಲೇಜಿನಲ್ಲಿ. 25 ಆಗದಿದ್ದರೆ 24, ಶನಿವಾರ ಮಧ್ಯಾಹ್ನ 3.

ಕೊನೆಯ ತಿದ್ದುಪಡಿ 27, ಮಂಗಳವಾರ ರಾತ್ರಿ. 29ಕ್ಕೆ ನಾನು ಸಂಘಟಕರಿಗೆ ಕಳಿಸುತ್ತೇನೆ.

ದಯವಿಟ್ಟು ಎರಡು ಉತ್ತರ ಬರೆಯಿರಿ: ಸರದಿ ಒಪ್ಪಿಗೆಯಾ? 18 ಮತ್ತು 25 ಎರಡೂ ದಿನ ಬರ್ತೀರಾ?"

ಕೊನೆಯ ಸಾಲನ್ನು ಗಮನಿಸಿ. "ಓಕೆ ತಾನೇ?" ಎಂದು ಮುಗಿಸಿದರೆ ಹೆಬ್ಬೆರಳು ಬರುತ್ತದೆ, ಹೆಬ್ಬೆರಳಿಗೆ ನೋಡಿದೆ ಎಂದೂ ಅರ್ಥ, ಒಪ್ಪಿದೆ ಎಂದೂ ಅರ್ಥ. ಪರ್ಯಾಯ ದಿನವನ್ನು ಎರಡನೇ ರಿಹರ್ಸಲ್‌ಗೆ ಮಾತ್ರ, ಅದೂ ಒಂದೇ ಕೊಟ್ಟಿದೆ. ಮೂರು ನಾಲ್ಕು ದಿನ ಕೊಟ್ಟರೆ ಮತ್ತೆ "ಯಾವಾಗ ಫ್ರೀ" ಎಂಬಲ್ಲಿಗೇ ಬಂದು ನಿಲ್ಲುತ್ತೇವೆ. ಗಡುವು ನನ್ನದೂ ಸೇರಿ ಎಂದಿರುವುದಕ್ಕೂ ಕಾರಣವಿದೆ: ಎಲ್ಲರ ಸ್ಲೈಡ್ ಬಂದ ಮೇಲೆ ತನ್ನದನ್ನು ನಿಧಾನಕ್ಕೆ ಮಾಡಿಕೊಳ್ಳುವ ಸಂಯೋಜಕನ ಮಾತಿಗೆ ಎರಡನೇ ಗಡುವಿನಲ್ಲಿ ಬೆಲೆ ಇರುವುದಿಲ್ಲ.

ಆದರೆ ಈ ಸಂದೇಶವನ್ನು ನೇರ ಗುಂಪಿಗೆ ಹಾಕಿದರೆ ಕೆಡುತ್ತದೆ. ಅದಕ್ಕೆ ಮೊದಲು ಎಂಜಿನಿಯರ್ ಸಾಹೇಬರಿಗೆ ಒಂದು ಫೋನ್. "ಸರ್, ಮೊದಲು ಅಕ್ಕ ಊರಿನ ಕಥೆ ಹೇಳಲಿ, ನೀವು ಕೆಲಸದ ಭಾಗ ತಗೊಳ್ಳಿ ಅಂತ ಯೋಚನೆ ಮಾಡಿದೀನಿ. ತಾವೇನು ಹೇಳ್ತೀರಿ?" ಎಂದು ಕೇಳಿದರೆ ಬಹುಮಟ್ಟಿಗೆ ಒಪ್ಪುತ್ತಾರೆ. ತಾನು ಮೂರನೆಯವನು ಎಂದು ಎಲ್ಲರ ಎದುರು ಮೊದಲ ಸಲ ಓದಿದರೆ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ಗುಂಪಿನಲ್ಲಿ ಹೇಳುವುದಿಲ್ಲ, ಸುಮ್ಮನಾಗುತ್ತಾರೆ, ರಿಹರ್ಸಲ್ ದಿನ ಬೇರೆ ಕೆಲಸ ಬರುತ್ತದೆ. "ಬುಧವಾರದೊಳಗೆ ಹೇಳದಿದ್ದರೆ ಇದೇ ಗಟ್ಟಿ" ಎಂಬ ಸಾಲನ್ನು ಸಂದೇಶದಲ್ಲಿ ಸೇರಿಸಿಲ್ಲದಿರುವುದು ಇದಕ್ಕೇ. ಓರಗೆಯವರ ತಂಡವಾಗಿದ್ದರೆ ಧಾರಾಳವಾಗಿ ಸೇರಿಸಬಹುದು. ಹಿರಿಯರಿರುವ ಕಡೆ ಮೌನವನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯದೆ ಬುಧವಾರ ರಾತ್ರಿ ಮತ್ತೊಂದು ಫೋನ್ ಮಾಡುವುದೇ ಸರಿ. ಅಕ್ಕನಿಗೂ ಫೋನಿನಲ್ಲೇ ಹೇಳಿದರೆ ಒಳ್ಳೆಯದು, ಹೊಲದಲ್ಲಿ ಉದ್ದ ಸಂದೇಶ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಏನಾದರೂ ಬದಲಾದರೆ, ಉದಾಹರಣೆಗೆ 25ರ ಬದಲು 24 ಎಂದಾದರೆ, "25 ಅಲ್ಲ 24" ಎಂದು ತುಂಡು ಸಂದೇಶ ಹಾಕಬಾರದು. ಇಡೀ ಸಂದೇಶವನ್ನು ತಿದ್ದಿ ಮತ್ತೆ ಹಾಕಿ, ಗುಂಪಿನಲ್ಲಿ ಪಿನ್ ಮಾಡಬೇಕು. ಇಲ್ಲದಿದ್ದರೆ ಒಬ್ಬರು 24ಕ್ಕೂ ಒಬ್ಬರು 25ಕ್ಕೂ ಕಾಲೇಜಿನ ಗೇಟಿನ ಮುಂದೆ ನಿಂತಿರುತ್ತಾರೆ.

ಕರಡಿನ ಗಡುವಿಗೂ ಮೊದಲ ರಿಹರ್ಸಲ್‌ಗೂ ನಡುವೆ ನಾಲ್ಕು ದಿನ ಬಿಟ್ಟದ್ದು ಸಂಕ್ರಾಂತಿಗೆ ಮಾತ್ರವಲ್ಲ. ನಾಲ್ಕು ಕಡೆಯ ಸ್ಲೈಡ್ ಒಂದೇ ಫೈಲಿಗೆ ಬಂದಾಗ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ವಿಶೇಷ ತೊಂದರೆ ಕಾದಿರುತ್ತದೆ. ಇಲಾಖೆಗಳಲ್ಲಿ ದುಡಿದವರ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ನುಡಿ ಅಥವಾ ಬರಹ ಫಾಂಟುಗಳು ಇರುತ್ತವೆ. ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತವನ್ನೇ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು ಮಾತ್ರ. ಆ ಫಾಂಟು ಇಲ್ಲದ ಲ್ಯಾಪ್‌ಟಾಪಿನಲ್ಲಿ ಅದೇ ಸ್ಲೈಡ್ ತೆರೆದರೆ ಎಂಜಿನಿಯರ್ ಸಾಹೇಬರ ತೂಬು, ಕೋಡಿ ಎಲ್ಲ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಕಾರ್ಯಕ್ರಮದ ಬೆಳಿಗ್ಗೆ ಸಭಾಂಗಣದಲ್ಲಿ ಇದು ಗೊತ್ತಾದರೆ ಮಾಡುವಂಥದ್ದು ಏನೂ ಇಲ್ಲ. 14ನೇ ತಾರೀಕು ಗೊತ್ತಾದರೆ ಒಂದು ಗಂಟೆಯ ಕೆಲಸ.

ಪತ್ತೆ ಸುಲಭ. ಸ್ಲೈಡಿನ ಒಂದು ಸಾಲನ್ನು ಆರಿಸಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಇಂಗ್ಲಿಷ್ ಅಕ್ಷರಗಳಾದರೆ ಹಳೆಯ ಫಾಂಟು. ಹಳೆಯದಾದರೆ ಬರಹ ಅಥವಾ ನುಡಿ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒಮ್ಮೆ ಕಣ್ಣಿಟ್ಟು ಓದಬೇಕು. ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಕೆಲವೊಮ್ಮೆ ಕೆಟ್ಟು ಬರುತ್ತವೆ.

ಯೂನಿಕೋಡ್ ಆದರೆ ಎಲ್ಲ ಮುಗಿಯಿತೆಂದೂ ಅಲ್ಲ. ಒಬ್ಬರದು ತುಂಗಾ, ಮತ್ತೊಬ್ಬರದು ನಿರ್ಮಲಾ ಯುಐ, ಮ್ಯಾಕ್ ಇಟ್ಟುಕೊಂಡವರದು ಇನ್ನೊಂದು. ಒಂದೊಂದರ ಅಗಲ ಒಂದೊಂದು ತರ. ಒಂದರಲ್ಲಿ ಒಂದು ಸಾಲಿಗೆ ಹಿಡಿದ ತಲೆಬರಹ ಇನ್ನೊಂದರಲ್ಲಿ ಎರಡನೇ ಸಾಲಿಗೆ ಇಳಿದು ಫೋಟೊ ಮೇಲೆ ಕೂರುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಒಂದು ಉಚಿತ ಫಾಂಟನ್ನು ಎಲ್ಲರಿಗೂ ಗೊತ್ತುಮಾಡಿ, ಕೊನೆಯ ಫೈಲಿನ ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಸಭಾಂಗಣದ ಕಂಪ್ಯೂಟರಿಗೆ ಹೆದರಬೇಕಿಲ್ಲ. ಸ್ಲೈಡಿನ ಅಳತೆಯೂ ಎಲ್ಲರದು ಒಂದೇ ಇರಲಿ, ಈಗ ಸಾಮಾನ್ಯವಾಗಿರುವ 16:9. ಹಳೆಯ 4:3ರ ಸ್ಲೈಡುಗಳನ್ನು ಇದರೊಳಗೆ ತಂದರೆ ಜೋಡಣೆ ಅಸ್ತವ್ಯಸ್ತವಾಗುತ್ತದೆ. ಫೋಟೊಗಳನ್ನು ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೈಲಿನ ಹೆಸರಲ್ಲಿ ಸರದಿಯ ಸಂಖ್ಯೆಯೂ ಆವೃತ್ತಿಯೂ ಇರಲಿ, `Kere_3_Kelasa_v1.pptx` ಎಂಬಂತೆ. ಇವನ್ನೆಲ್ಲ ಮೊದಲ ಸಂದೇಶದಲ್ಲೇ ತುರುಕಬೇಡಿ, ಯಾರೂ ಓದುವುದಿಲ್ಲ. ಸರದಿ, ದಿನ ಗಟ್ಟಿಯಾದ ಮರುದಿನ ಇನ್ನೊಂದು ಪುಟ್ಟ ಸಂದೇಶದಲ್ಲಿ ಹಾಕಿದರಾಯಿತು.

ಸೇರಿಸುವಾಗ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಪುನರುಕ್ತಿ. ಬೇರೆಬೇರೆ ಕೂತು ತಯಾರಿಸಿದ ನಾಲ್ವರೂ ತಮ್ಮ ಭಾಗವನ್ನು ಕೆರೆಯ ಅದೇ ನಕ್ಷೆಯಿಂದ, ಊರಿನ ಅದೇ ಪರಿಚಯದಿಂದ ಶುರುಮಾಡಿರುತ್ತಾರೆ. ಅದಕ್ಕಿಂತ ಅಪಾಯ ಅಂಕಿಗಳದ್ದು: ಕೆರೆಯ ವಿಸ್ತೀರ್ಣ ಉಪನ್ಯಾಸಕಿಯವರ ಸ್ಲೈಡಿನಲ್ಲಿ ಹೆಕ್ಟೇರಿನಲ್ಲಿ, ಎಂಜಿನಿಯರರದ್ದರಲ್ಲಿ ಎಕರೆಯಲ್ಲಿ, ಲೆಕ್ಕ ಹಾಕಿದರೆ ಎರಡೂ ಹೊಂದುವುದಿಲ್ಲ, ಏಕೆಂದರೆ ಒಂದು ಕಂದಾಯ ದಾಖಲೆಯದು, ಇನ್ನೊಂದು ನೀರು ನಿಲ್ಲುವ ಜಾಗದ್ದು. ಎರಡೂ ಸರಿಯೇ ಇರಬಹುದು. ಆದರೆ ಸಭೆಯಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬರುತ್ತದೆ. ನಾಲ್ಕು ಸ್ಲೈಡುಗಳನ್ನು ಒಟ್ಟಿಗೆ ಇಟ್ಟು ನೋಡುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಎಲ್ಲರಿಗೂ ಒಂದೇ ಗಡುವು ಬೇಕೆನ್ನುವುದು ಇದಕ್ಕಾಗಿಯೇ. ಮೂವರದು ಬಂದು ಒಬ್ಬರದು ಬಾರದಿದ್ದರೆ ತಾಳೆ ನೋಡುವುದು ಸಾಧ್ಯವಿಲ್ಲ.

ಎರಡು ರಿಹರ್ಸಲ್‌ಗಳ ಕೆಲಸ ಬೇರೆಬೇರೆ. 18ರಂದು ಒಂದು ಸಲ ನಿಲ್ಲಿಸದೆ ಪೂರ್ತಿ ಓಡಿಸಿ, ಪ್ರತಿಯೊಬ್ಬರ ಸಮಯ ಬರೆದುಕೊಂಡು, ಅರ್ಧ ಗಂಟೆ ಮಾತಾಡಿ, ಮತ್ತೆ ಓಡಿಸುವುದು. ಒಂದೂವರೆ ಗಂಟೆ ಕೇಳಿದ್ದು ಇದಕ್ಕೆ. ಮಧ್ಯೆ ನಿಲ್ಲಿಸಿ ಚರ್ಚೆಗೆ ಇಳಿದರೆ ಅದು ಮೀಟಿಂಗ್ ಆಗುತ್ತದೆ, ನಾಲ್ಕನೆಯವರ ಭಾಗ ಯಾರ ಕಿವಿಗೂ ಬೀಳುವುದಿಲ್ಲ. 25ರಂದು ಎದ್ದು ನಿಂತು, ಒಂದೇ ಲ್ಯಾಪ್‌ಟಾಪಿನಲ್ಲಿ, ಸ್ಲೈಡ್ ಬದಲಿಸುವವರು ಯಾರು, ಮೈಕು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ನೋಡಿಕೊಳ್ಳುವುದು. ಅಂದೇ ಇನ್ನೊಂದು ತೀರ್ಮಾನವೂ ಆಗಬೇಕು. ಉದ್ಘಾಟನೆ ತಡವಾಗಿ, ಅತಿಥಿಗಳ ಭಾಷಣ ಬೆಳೆದು "ಹದಿನೈದೇ ನಿಮಿಷದಲ್ಲಿ ಮುಗಿಸಿ" ಎಂದರೆ ಯಾವ ಸ್ಲೈಡ್ ಬಿಡುವುದು? ನಮ್ಮ ಕಾರ್ಯಕ್ರಮಗಳಲ್ಲಿ ಇದು ಆಗದೇ ಇರುವುದು ಅಪರೂಪ. ಬಿಡುವ ಸ್ಲೈಡುಗಳನ್ನು ಮೊದಲೇ ಗುರುತು ಹಾಕಿಟ್ಟರೆ ನಾಲ್ವರೂ ಒಂದೇ ಕಡೆ ಕತ್ತರಿಸುತ್ತಾರೆ. ಇಲ್ಲದಿದ್ದರೆ ಮೊದಲ ಇಬ್ಬರು ನಿಧಾನವಾಗಿ ಮಾತಾಡಿ, ಕೊನೆಯವನಿಗೆ ವಂದನಾರ್ಪಣೆಯಷ್ಟು ಸಮಯ ಉಳಿಯುತ್ತದೆ.

13ರ ರಾತ್ರಿ ಒಬ್ಬರ ಸ್ಲೈಡ್ ಬರದೇ ಹೋದರೆ? ಬರದೇ ಇರುವ ಸಂಭವವೇ ಹೆಚ್ಚು. ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಹೆಸರು ಹಿಡಿದು ಕೇಳದೆ ಅವರೊಬ್ಬರಿಗೇ ಫೋನ್ ಮಾಡಿ, ತಲೆಬರಹಗಳನ್ನು ಬಾಯಲ್ಲೇ ಹೇಳಿಸಿಕೊಂಡು ನೀವೇ ಖಾಲಿ ಸ್ಲೈಡ್ ಹಾಕಿಡಿ. ಅದೂ ಆಗದಿದ್ದರೆ 18ರಂದು ಅವರು ಸ್ಲೈಡ್ ಇಲ್ಲದೆಯೇ ಮಾತಾಡಲಿ. ರಿಹರ್ಸಲ್ ಮಾತ್ರ ಮುಂದಕ್ಕೆ ಹಾಕಬೇಡಿ. ಒಬ್ಬರಿಗಾಗಿ ಒಮ್ಮೆ ಮುಂದಕ್ಕೆ ಹೋದರೆ ಉಳಿದ ಮೂವರಿಗೂ 25, 27 ಎರಡೂ ಸಡಿಲವಾಗುತ್ತವೆ, ಹಾಗೆ ಸಡಿಲವಾದ ದಿನವನ್ನು ಮತ್ತೆ ಬಿಗಿ ಮಾಡುವುದು ಯಾವ ಸಂದೇಶದಿಂದಲೂ ಆಗುವುದಿಲ್ಲ.